ಊರಿಂದ ಫೋನ್ ಬಂತು, ಶುಕ್ರವಾರ ಸಬ್ಮಿಷನ್: ಸರ್ ಹತ್ತಿರ ಹೆಚ್ಚಿನ ದಿನ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಇಂಜಿನಿಯರಿಂಗ್ ಕಾಲೇಜುಗಳಿಗೆ ಕಲಬುರಗಿ, ಬೀದರ್, ವಿಜಯಪುರ, ಬೆಳಗಾವಿ ಕಡೆಯ ಮಕ್ಕಳು ಪ್ರತಿ ವರ್ಷ ಬರುತ್ತಾರೆ. ನಾನು ಅಂಥದೊಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಕನ್ನಡ ಬರುವವನು ನಾನೊಬ್ಬನೇ ಆದ್ದರಿಂದ, ಬೇರೆ ಡಿಪಾರ್ಟ್‌ಮೆಂಟಿನ ಮಕ್ಕಳೂ ಬಂದು "ಸರ್, ಮನ್ಯಾಗ ಹಿಂಗಾಗ್ಯದ, ಅವರಿಗೆ ಹೆಂಗ್ ಹೇಳ್ಲಿ?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ರೂಢಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಿಮ್ಮದು ಅಟಾನಮಸ್ ಕಾಲೇಜಾದರೆ ದಿನಾಂಕಗಳನ್ನು ಕಾಲೇಜಿನ ಪರೀಕ್ಷಾ ವಿಭಾಗವೇ ಇಡುತ್ತದೆ, ಅಷ್ಟು ವ್ಯತ್ಯಾಸ.

ದಿನ ಮುಂದೂಡುವುದು ನಿಜಕ್ಕೂ ಸರ್ ಕೈಯಲ್ಲಿದೆಯೇ?

ಅರ್ಧ ಇದೆ, ಅರ್ಧ ಇಲ್ಲ. ಈ ಅರ್ಧ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ.

ಅಸೈನ್‌ಮೆಂಟ್, ಜರ್ನಲ್, ಮಿನಿ ಪ್ರಾಜೆಕ್ಟ್ ವರದಿ ಇವೆಲ್ಲ ಸೇರಿ ನಿಮ್ಮ ಟರ್ಮ್ ವರ್ಕ್ ಅಂಕ ಆಗುತ್ತದೆ. ಸಾಮಾನ್ಯವಾಗಿ 25 ಅಥವಾ 50 ಅಂಕ. "ಶುಕ್ರವಾರ ಸಬ್ಮಿಷನ್" ಎಂದು ಕ್ಲಾಸಿನಲ್ಲಿ ಹೇಳಿದ ದಿನವನ್ನು ಇಟ್ಟವರು ಆ ವಿಷಯದ ಮೇಷ್ಟ್ರು ಅಥವಾ ಡಿಪಾರ್ಟ್‌ಮೆಂಟ್. ಅದನ್ನು ಅವರು ಹಿಂದೆ ಮುಂದೆ ಮಾಡಬಹುದು. ಆದರೆ ಆ ಅಂಕಗಳನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಿಸಲು ಇನ್ನೊಂದು ಕೊನೆಯ ದಿನ ಇರುತ್ತದೆ. ಆ ದಿನ ಮೇಷ್ಟ್ರಿಗೂ ಸೇರಿಲ್ಲ, ಎಚ್‌ಒಡಿಗೂ ಸೇರಿಲ್ಲ. ಪೋರ್ಟಲ್ ಮುಚ್ಚಿದ ಮೇಲೆ ಅಂಕ ಏರಿಸಬೇಕಾದರೆ ಪ್ರಿನ್ಸಿಪಾಲರ ಪತ್ರ, ವಿಶ್ವವಿದ್ಯಾಲಯಕ್ಕೆ ಓಡಾಟ, ವಿವರಣೆ, ಎಲ್ಲ ಬೀಳುತ್ತದೆ. ಒಬ್ಬ ವಿದ್ಯಾರ್ಥಿಗೋಸ್ಕರ ಅಷ್ಟು ಮಾಡಲು ಒಪ್ಪುವವರು ಕಡಿಮೆ.

ಹೀಗಾಗಿ ಕ್ಲಾಸಿನಲ್ಲಿ ಹೇಳಿದ ದಿನಕ್ಕೂ ಪೋರ್ಟಲ್ ಮುಚ್ಚುವ ದಿನಕ್ಕೂ ನಡುವೆ ಎಷ್ಟು ದಿನ ಉಂಟೋ ಅಷ್ಟೇ ನಿಮಗೆ ಸಿಗಬಹುದಾದದ್ದು. ಸೆಮಿಸ್ಟರ್ ನಡುವಿನ ಅಸೈನ್‌ಮೆಂಟ್ ಆದರೆ ಈ ಜಾಗ ದೊಡ್ಡದು. ಕೊನೆಯ ಸಬ್ಮಿಷನ್ ಆದರೆ ತೀರಾ ಚಿಕ್ಕದು. ಸರ್ "ನೋಡೋಣ" ಎಂದು ಮುಖ ಸಣ್ಣ ಮಾಡಿದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದಲ್ಲ, ಮನಸ್ಸಿನಲ್ಲೇ ಆ ದಿನ ಎಣಿಸುತ್ತಿದ್ದಾರೆ ಎಂದರ್ಥ.

ಯಾವಾಗ ಹೇಳಬೇಕು? ಮೊದಲು ಊರು ಮುಟ್ಟಿ ಪರಿಸ್ಥಿತಿ ನೋಡಿ ಆಮೇಲೆ ಹೇಳಿದರೆ ಆಗುವುದಿಲ್ಲವೆ?

ಆಗುತ್ತದೆ, ಆದರೆ ನಷ್ಟ ನಿಮ್ಮದೇ. ಸಬ್ಮಿಷನ್‌ಗೆ ಮೊದಲು ಬಂದ ಎರಡು ಸಾಲು, ಆಮೇಲೆ ಬಂದ ಎರಡು ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಪುಣೆ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಕಾಯುತ್ತ ನಿಂತಾಗಲೇ ಕಳಿಸಬಹುದು: "ಸರ್, ತಂದೆಯವರು ಆಸ್ಪತ್ರೆಗೆ ಸೇರಿದ್ದಾರೆ, ಊರಿಗೆ ಹೊರಟಿದ್ದೇನೆ. ಶುಕ್ರವಾರದ ಸಬ್ಮಿಷನ್ ಬಗ್ಗೆ ನಾಳೆ ಸಂಜೆಯೊಳಗೆ ವಿವರವಾಗಿ ಮೇಲ್ ಮಾಡುತ್ತೇನೆ." ಸದ್ಯಕ್ಕೆ ಇಷ್ಟು ಸಾಕು, ಎಷ್ಟು ದಿನ ಬೇಕು ಎಂದು ಆಗ ನಿಮಗೇ ಗೊತ್ತಿರುವುದಿಲ್ಲ.

ವಾಟ್ಸ್‌ಆ್ಯಪೇ, ಮೇಲೇ, ಫೋನೇ?

ತಿಳಿಸುವುದಕ್ಕೆ ವಾಟ್ಸ್‌ಆ್ಯಪ್, ಕೇಳುವುದಕ್ಕೆ ಮೇಲ್. ಕ್ಲಾಸ್ ಗ್ರೂಪಿನಲ್ಲಿ ಮಾತ್ರ ಹಾಕಬೇಡಿ. ಅರವತ್ತು ಜನರ ಮುಂದೆ ಒಬ್ಬರಿಗೆ ಹೌದು ಎಂದರೆ ಉಳಿದವರು ಸಾಲುಗಟ್ಟಿ ನಿಲ್ಲುತ್ತಾರೆ ಎಂಬ ಭಯ ಎಲ್ಲ ಮೇಷ್ಟ್ರಿಗೂ ಇದೆ, ನನಗೂ ಇದೆ.

ಮೇಲ್ ಯಾಕೆ ಬೇಕೆಂದರೆ, ನಾಳೆ ಎಚ್‌ಒಡಿ "ಇವನದು ತಡವಾಗಿ ಯಾಕೆ ತೆಗೆದುಕೊಂಡಿರಿ?" ಎಂದು ಕೇಳಿದಾಗ ಮೇಷ್ಟ್ರಿಗೆ ತೋರಿಸಲು ಒಂದು ಕಾಗದ ಇರಬೇಕು. ಮೇಲ್‌ನ ಪ್ರತಿಯನ್ನು ನಿಮ್ಮ ಜಿಎಫ್‌ಎಂಗೂ ಹಾಕಿ. ಇಪ್ಪತ್ತು ಚಿಲ್ಲರೆ ಮಕ್ಕಳ ಬ್ಯಾಚಿಗೆ ಒಬ್ಬರಂತೆ ಇರುವ ಈ ಗಾರ್ಡಿಯನ್ ಫ್ಯಾಕಲ್ಟಿಯನ್ನು ಮಕ್ಕಳು ಹಾಜರಿ ಕಡಿಮೆ ಬಿದ್ದಾಗ ಬೈಯುವವರು ಎಂದಷ್ಟೇ ತಿಳಿದಿರುತ್ತಾರೆ. ಒಂದೇ ವಾರದಲ್ಲಿ ಐದು ವಿಷಯಗಳ ಸಬ್ಮಿಷನ್ ಇದ್ದಾಗ ಐದು ಮೇಷ್ಟ್ರಿಗೂ ಒಂದೇ ಮಾತು ಮುಟ್ಟಿಸಬಲ್ಲವರು ಅವರೊಬ್ಬರೇ.

ಮೇಲ್‌ನಲ್ಲಿ ಏನು ಬರೆಯಬೇಕು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂರನೇ ವರ್ಷದ ಕಂಪ್ಯೂಟರ್ ವಿದ್ಯಾರ್ಥಿನಿ, ಊರು ಕಲಬುರಗಿ. ಮಂಗಳವಾರ ರಾತ್ರಿ ಅಪ್ಪನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಬುಧವಾರ ಆಕೆ ರೈಲು ಹತ್ತಿದಳು. ಡಿಬಿಎಂಎಸ್ ಲ್ಯಾಬಿನ ಜರ್ನಲ್ ಶುಕ್ರವಾರ ಕೊಡಬೇಕು. ಹತ್ತು ಪ್ರಾಕ್ಟಿಕಲ್‌ಗಳಲ್ಲಿ ಏಳು ಬರೆದು ಸಹಿ ಆಗಿದೆ. ಒಂದು ಮಾಡಿದ್ದಾಳೆ, ಬರೆದಿಲ್ಲ. ಎರಡು ಮಾಡಿಯೇ ಇಲ್ಲ. ಗುರುವಾರ ಸಂಜೆ ಆಸ್ಪತ್ರೆಯ ವರಾಂಡದಲ್ಲಿ ಕೂತು ಆಕೆ ಬರೆಯಬೇಕಾದ ಮೇಲ್ ಹೀಗಿರಲಿ. ಭಾಷೆ ಇಂಗ್ಲಿಷ್ ಆಗಿರುತ್ತದೆ, ಒಕ್ಕಣೆ ಇದು.

> ವಿಷಯ: ಡಿಬಿಎಂಎಸ್ ಲ್ಯಾಬ್ ಜರ್ನಲ್, ಶುಕ್ರವಾರದ ಬದಲು ಮುಂದಿನ ಬುಧವಾರ ಕೊಡಲು ಅನುಮತಿ ಕೋರಿ. ಮೂರನೇ ವರ್ಷ, ವಿಭಾಗ, ರೋಲ್ ನಂಬರ್.
>
> ಮಾನ್ಯ ಸರ್,
>
> ನನ್ನ ತಂದೆಯವರನ್ನು ಮಂಗಳವಾರ ರಾತ್ರಿ ಕಲಬುರಗಿಯಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ. ಐಸಿಯುನಲ್ಲಿದ್ದಾರೆ. ಅಮ್ಮನ ಜೊತೆ ಬೇರೆ ಯಾರೂ ಇಲ್ಲದ ಕಾರಣ ನಾನು ಬುಧವಾರ ಇಲ್ಲಿಗೆ ಬಂದಿದ್ದೇನೆ. ಭಾನುವಾರ ಅಣ್ಣ ಬರುತ್ತಾನೆ. ನಾನು ಸೋಮವಾರ ಪುಣೆಯಲ್ಲಿರುತ್ತೇನೆ.
>
> ಜರ್ನಲ್‌ನಲ್ಲಿ 1ರಿಂದ 7 ಪೂರ್ತಿಯಾಗಿ ಸಹಿ ಆಗಿವೆ. 8 ಮಾಡಿದ್ದೇನೆ, ಬರೆಯಬೇಕು. 9 ಮತ್ತು 10 ಮಾಡಿಲ್ಲ. ಸೋಮವಾರ ಅಥವಾ ಮಂಗಳವಾರ ಬೇರೆ ಬ್ಯಾಚಿನ ಲ್ಯಾಬ್ ಸಮಯದಲ್ಲಿ ಅವೆರಡನ್ನು ಮಾಡಲು ಅವಕಾಶ ಕೊಟ್ಟರೆ ಬುಧವಾರ ಮಧ್ಯಾಹ್ನ ಪೂರ್ತಿ ಜರ್ನಲ್ ಕೊಡುತ್ತೇನೆ.
>
> ಸಹಿಯಾದ ಏಳರ ಫೋಟೊ ಮತ್ತು ಆಸ್ಪತ್ರೆಯ ದಾಖಲಾತಿ ಚೀಟಿ ಲಗತ್ತಿಸಿದ್ದೇನೆ. ಬುಧವಾರ ತಡವಾಗುವುದಾದರೆ ಯಾವ ದಿನದೊಳಗೆ ಕೊಡಬೇಕು ಎಂದು ದಯವಿಟ್ಟು ತಿಳಿಸಿ.

ಈ ಮೇಲ್ ಓದಿದ ಮೇಷ್ಟ್ರಿಗೆ ಮತ್ತೊಂದು ಪ್ರಶ್ನೆ ಕೇಳುವ ಕೆಲಸವೇ ಉಳಿಯುವುದಿಲ್ಲ. ಎಷ್ಟು ಆಗಿದೆ, ಎಷ್ಟು ಬಾಕಿ, ಯಾವಾಗ ವಾಪಸ್, ಯಾವಾಗ ಕೊಡುವುದು ಎಲ್ಲ ಇದೆ. "ಆದಷ್ಟು ಬೇಗ ಕೊಡುತ್ತೇನೆ" ಎಂದು ಬರೆದ ಮೇಲ್‌ಗೆ ಉತ್ತರ ತಡವಾಗುತ್ತದೆ, ಯಾಕೆಂದರೆ ಅದಕ್ಕೆ ಹೌದು ಎಂದರೂ ಏನಕ್ಕೆ ಹೌದು ಎಂದದ್ದು ಎಂದು ತಿಳಿಯುವುದಿಲ್ಲ. ಕೊನೆಯ ಸಾಲನ್ನಂತೂ ಮರೆಯಬೇಡಿ. ಪೋರ್ಟಲ್ ಮುಚ್ಚುವ ದಿನವನ್ನು ಮರ್ಯಾದೆಯಿಂದ ಕೇಳಿ ತಿಳಿಯುವ ದಾರಿ ಅದು.

ಎಷ್ಟು ದಿನ ಕೇಳಬೇಕು?

ಊರಲ್ಲಿ ಕಳೆದ ದಿನಗಳಷ್ಟೇ ಕೇಳುವುದು ನ್ಯಾಯ ಎಂದು ಮಕ್ಕಳು ಭಾವಿಸುತ್ತಾರೆ. ಲೆಕ್ಕ ಹಾಗಲ್ಲ. ಬಾಕಿ ಕೆಲಸಕ್ಕೆ ಎಷ್ಟು ದಿನ ಬೇಕು, ಅದರ ಮೇಲೆ ಪ್ರಯಾಣಕ್ಕೆ ಒಂದು ದಿನ ಎಂದು ನೋಡಿ. ಮೇಲಿನ ಹುಡುಗಿ ಊರಲ್ಲಿ ಐದು ದಿನ ಇದ್ದರೂ ವಾಪಸ್ ಬಂದ ಮೇಲೆ ಆಕೆಗೆ ಬೇಕಾದದ್ದು ಎರಡೇ ದಿನ. ಜಾಸ್ತಿ ಕೇಳಿ ಬೇಗ ಕೊಟ್ಟರೆ ಒಳ್ಳೆಯ ಹೆಸರು ಬರುತ್ತದೆ ಎಂಬ ಸೀನಿಯರ್‌ಗಳ ಉಪದೇಶ ಸೆಮಿಸ್ಟರ್ ಕೊನೆಯಲ್ಲಿ ನಡೆಯದು. ಹತ್ತು ದಿನ ಎಂದರೆ ಪೋರ್ಟಲ್ ದಿನ ದಾಟಿ ನೇರವಾಗಿ ಇಲ್ಲ ಎಂಬ ಉತ್ತರವೇ ಬರುತ್ತದೆ.

ಪ್ರಾಕ್ಟಿಕಲ್ ಮಾಡಿಯೇ ಇಲ್ಲ. ಗೆಳೆಯರ ಜರ್ನಲ್ ನೋಡಿ ಬರೆದು ಕೊಟ್ಟುಬಿಡಲೇ?

ಬೇಡ. ಪುಣೆಯಲ್ಲಿ ಇದು ಎಷ್ಟು ನಡೆಯುತ್ತದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಊರಿಗೆ ಹೋಗಿದ್ದೆ ಎಂದು ನೀವೇ ಬರೆದು ಕೊಟ್ಟಿರುವಾಗ, ಆ ದಿನಾಂಕದ ಪ್ರಾಕ್ಟಿಕಲ್ ನಿಮ್ಮ ಜರ್ನಲ್‌ನಲ್ಲಿ ಇದ್ದರೆ ಲ್ಯಾಬ್ ಹಾಜರಿ ಪುಸ್ತಕಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಮೌಖಿಕ ಪರೀಕ್ಷೆಗೆ ಬರುವ ಹೊರಗಿನ ಪರೀಕ್ಷಕರು ಕೈಗೆ ಸಿಕ್ಕ ಪುಟ ತೆರೆದು ಅದರ ಮೇಲೇ ಕೇಳುತ್ತಾರೆ. ಬರೆಯುವುದಕ್ಕೆ ದಿನ ಕೇಳುವಾಗಲೇ ಲ್ಯಾಬಿನಲ್ಲಿ ಕೂರುವುದಕ್ಕೂ ಸಮಯ ಕೇಳಿ. ಬೇರೆ ಬ್ಯಾಚಿನ ಜೊತೆ ಒಂದು ಮೂಲೆಯ ಮಷೀನ್ ಕೊಡುವುದು ಕಷ್ಟದ ಮಾತಲ್ಲ. ಲ್ಯಾಬ್ ಅಸಿಸ್ಟೆಂಟ್ ಭಾವುಗಳಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಇನ್ನೂ ಸಲೀಸು.

ಯಾವ ದಾಖಲೆ ಕೊಡಬೇಕು? ಡಿಸ್ಚಾರ್ಜ್ ಕಾರ್ಡ್ ಇನ್ನೂ ಸಿಕ್ಕಿಲ್ಲ.

ಸಿಗುವುದೂ ಇಲ್ಲ, ಅದು ರೋಗಿಯನ್ನು ಮನೆಗೆ ಕಳಿಸುವ ದಿನ ಕೊಡುವ ಕಾಗದ. ಅದಕ್ಕಾಗಿ ಕಾದು ಮೇಲ್ ತಡ ಮಾಡಿದವರನ್ನು ಬಹಳ ನೋಡಿದ್ದೇನೆ. ಸೇರಿಸಿದ ದಿನವೇ ಕೈಗೆ ಬರುವವು ಬೇರೆ ಇವೆ: ದಾಖಲಾತಿ ಚೀಟಿ, ಮುಂಗಡ ಹಣ ಕಟ್ಟಿದ ರಸೀದಿ. ಎರಡರ ಮೇಲೂ ರೋಗಿಯ ಹೆಸರು, ದಿನಾಂಕ ಇರುತ್ತದೆ. ಅಷ್ಟೇ ಸಾಕು. ನಾಲ್ಕೈದು ದಿನ ಮೀರುವ ಸೂಚನೆ ಇದ್ದರೆ ನೋಡುತ್ತಿರುವ ಡಾಕ್ಟರ ಹತ್ತಿರ, ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ, "ಇವರು ಇಂಥ ದಿನದಿಂದ ಒಳರೋಗಿಯಾಗಿದ್ದಾರೆ" ಎಂದು ಎರಡು ಸಾಲು ಬರೆಸಿಕೊಳ್ಳಿ. ಬೆಳಗಿನ ರೌಂಡ್ಸ್ ಮುಗಿದ ಕೂಡಲೆ ಕೇಳಿದರೆ ಸಿಗುತ್ತದೆ.

ರೋಗಿಗೂ ನಿಮಗೂ ಸಂಬಂಧ ತೋರಿಸಲು ಕಾಲೇಜಿನ ಐಡಿ ಕಾರ್ಡಿನಲ್ಲಿರುವ ತಂದೆಯ ಹೆಸರೇ ಸಾಮಾನ್ಯವಾಗಿ ಸಾಲುತ್ತದೆ. ಮಹಾರಾಷ್ಟ್ರದಲ್ಲಿ ಮಕ್ಕಳ ಹೆಸರಿನ ನಡುವೆಯೇ ಅಪ್ಪನ ಹೆಸರು ಇರುವುದರಿಂದ ಇಲ್ಲಿನವರು ಅದನ್ನೇ ಮೊದಲು ಹುಡುಕುತ್ತಾರೆ. ನಿಮ್ಮ ಹೆಸರಿನಲ್ಲಿ ಬರೀ ಇನಿಷಿಯಲ್ ಇದ್ದರೆ ಮೇಲ್‌ನಲ್ಲಿ ತಂದೆಯ ಪೂರ್ತಿ ಹೆಸರು ಬರೆದುಬಿಡಿ. ಆಧಾರ್ ಪ್ರತಿ ಕೇಳದೆ ಕಳಿಸಬೇಡಿ. ಕೇಳಿದರೂ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಕೊಡಿ.

ರೈಲು ಟಿಕೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಂತೆಯಿಲ್ಲ. ಆನ್‌ಲೈನಿನಲ್ಲಿ ತೆಗೆದ ರಿಸರ್ವೇಶನ್ ಟಿಕೆಟ್ ಮೇಲೆ ಹೆಸರು ಇರುತ್ತದೆ. ಜನರಲ್ ಟಿಕೆಟ್ ಮೇಲೆ ಇರುವುದಿಲ್ಲ, ಹಾಗಾಗಿ ಅದು ಪುರಾವೆಯಾಗಿ ನಿಲ್ಲುವುದಿಲ್ಲ.

ಇನ್ನು ಸುಳ್ಳು ಸರ್ಟಿಫಿಕೇಟ್ ಮಾತು. ಹಾಸ್ಟೆಲ್ ಪಕ್ಕದ ಕ್ಲಿನಿಕ್ಕಿನಲ್ಲಿ ಇನ್ನೂರು ರೂಪಾಯಿಗೆ ಬರೆಸಿಕೊಂಡ ಕಾಗದ ನಿಜವಾದ ಸಂಕಟ ಇರುವವನಿಗೂ ಕುತ್ತು ತರುತ್ತದೆ. ಅಪ್ಪ ಕಲಬುರಗಿಯಲ್ಲಿ ಮಲಗಿದ್ದಾರೆ, ಕಾಗದ ಪುಣೆಯ ಕಾತ್ರಜದ್ದು! ಅಂಥವು ಕಂಡರೆ ಯಾವ ಮೇಷ್ಟ್ರೂ ಇಡೀ ಕಥೆಯನ್ನೇ ನಂಬುವುದಿಲ್ಲ.

ಕಾಗದ ಕನ್ನಡದಲ್ಲಿದೆ. ಇಲ್ಲಿನವರಿಗೆ ಓದಲು ಬರುವುದಿಲ್ಲವಲ್ಲ?

ಸರ್ಕಾರಿ ಆಸ್ಪತ್ರೆಯ ಚೀಟಿ, ಗ್ರಾಮ ಪಂಚಾಯಿತಿ ಪತ್ರ ಕನ್ನಡದಲ್ಲಿ ಇರುವುದುಂಟು. ನೋಟರಿಯಿಂದ ಅನುವಾದ ಮಾಡಿಸಲು ಹಣ ಸುರಿಯಬೇಡಿ, ಸಬ್ಮಿಷನ್ ವಿಷಯಕ್ಕೆ ಯಾರೂ ಅದನ್ನು ಕೇಳುವುದಿಲ್ಲ. ಕಾಗದದ ಫೋಟೊ ಕೆಳಗೆ ನೀವೇ ಇಂಗ್ಲಿಷಿನಲ್ಲಿ ಮೂರು ಸಾಲು ಬರೆಯಿರಿ: ಇದು ಯಾರು ಕೊಟ್ಟ ಪತ್ರ, ಯಾವ ದಿನಾಂಕ, ಯಾರ ಹೆಸರು ಎಲ್ಲಿದೆ. ಹೆಸರಿನ ಸುತ್ತ ಪೆನ್ನಿನಿಂದ ಗುಂಡಗೆ ಗೆರೆ ಎಳೆದು, ಕೆಳಗೆ ನಿಮ್ಮ ಸಹಿ ಹಾಕಿ. ಮೇಷ್ಟ್ರು ನೋಡುವುದು ಮೊಹರು, ದಿನಾಂಕ, ಹೆಸರು ಇಷ್ಟನ್ನೇ.

ಕಾಯಿಲೆ ಏನೆಂದು ಹೇಳಲೇಬೇಕೆ?

ಇಲ್ಲ. "ಆಸ್ಪತ್ರೆಗೆ ಸೇರಿಸಿದ್ದಾರೆ" ಎಂಬಲ್ಲಿಗೆ ನಿಲ್ಲಿಸಬಹುದು. ರೋಗದ ಹೆಸರಿನ ಸಾಲನ್ನು ಮುಚ್ಚಿ ಫೋಟೊ ತೆಗೆಯಿರಿ. ಮನೆಯಲ್ಲಿ ಆತ್ಮಹತ್ಯೆಯ ಪ್ರಯತ್ನ, ಕುಡಿತ, ಜಗಳ, ಪೊಲೀಸ್ ಕೇಸು ಇಂಥದೇನಾದರೂ ಇದ್ದರೆ ವಿಷಯದ ಮೇಷ್ಟ್ರಿಗೆ "ಕುಟುಂಬದ ತುರ್ತು, ವಿವರ ಜಿಎಫ್‌ಎಂ ಅವರಿಗೆ ತಿಳಿಸಿದ್ದೇನೆ" ಎಂದಷ್ಟೇ ಬರೆದು, ಜಿಎಫ್‌ಎಂ ಹತ್ತಿರ ಒಬ್ಬರೇ ಇದ್ದಾಗ ಹೇಳಿ.

ಮನೆಯಲ್ಲಿ ಸಾವಾಗಿದೆ. ಈಗ ಮರಣ ಪ್ರಮಾಣಪತ್ರ ಎಲ್ಲಿಂದ ತರಲಿ?

ಮೊದಲ ದಿನಗಳಲ್ಲಿ ಅದನ್ನು ಕೇಳುವವರು ಇರುವುದಿಲ್ಲ. ಕೇಳಿದರೆ "ನೋಂದಣಿ ಆದ ಮೇಲೆ ಕೊಡುತ್ತೇನೆ" ಎನ್ನಿ. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು ಎಂದು ಜನನ ಮರಣ ನೋಂದಣಿಯ ನಿಯಮ ಹೇಳುತ್ತದೆ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ವರದಿ ಅಲ್ಲಿಂದಲೇ ಹೋಗುತ್ತದೆ, ಮನೆಯಲ್ಲಾದರೆ ಮನೆಯ ಹಿರಿಯರು ತಿಳಿಸಬೇಕು. ಅಲ್ಲಿಯವರೆಗೆ ಆಸ್ಪತ್ರೆಯ ಮರಣದ ಚೀಟಿ, ಸ್ಮಶಾನದ ರಸೀದಿ, ಊರಿನ ಪೇಪರಿನಲ್ಲಿ ಬಂದ ನಿಧನ ವಾರ್ತೆ, ಕಾರ್ಯದ ಆಮಂತ್ರಣ ಪತ್ರಿಕೆ ಇವುಗಳಲ್ಲಿ ಯಾವುದಿದ್ದರೂ ನಡೆಯುತ್ತದೆ. ನಿಜ ಹೇಳಬೇಕೆಂದರೆ, ಅಪ್ಪ ಅಮ್ಮ ಹೋದರು ಎಂದು ಬರೆದ ಮಗುವಿನ ಹತ್ತಿರ ಪುರಾವೆ ಕೇಳಲು ನನಗೆ ಬಾಯಿ ಬರುವುದಿಲ್ಲ. ನನ್ನ ಸಹೋದ್ಯೋಗಿಗಳಲ್ಲೂ ಹೆಚ್ಚಿನವರು ಹಾಗೇ.

ದಿನಗಳ ಬಗ್ಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಹನ್ನೊಂದನೇ ದಿನ, ಹದಿಮೂರನೇ ದಿನ ಎಂದು ಕಾರ್ಯ ಇದ್ದರೆ ಇಲ್ಲಿನ ಮೇಷ್ಟ್ರಿಗೆ ಬಿಡಿಸಿ ಹೇಳಬೇಕಿಲ್ಲ. ಮರಾಠಿ ಮನೆಗಳಲ್ಲೂ ದಹಾವಾ, ತೇರಾವಾ ಇದೆ. ನಿಮ್ಮಲ್ಲಿ ಮೂರನೇ ದಿನಕ್ಕೋ ಐದನೇ ದಿನಕ್ಕೋ ಮುಗಿಯುವುದಾದರೂ, ನಲವತ್ತನೇ ದಿನ ಮತ್ತೆ ಹೋಗಬೇಕಾದರೂ ದಿನಾಂಕ ಹಾಕಿ ಹೇಳಿ, ಆಗ ಲೆಕ್ಕ ಸ್ಪಷ್ಟವಾಗುತ್ತದೆ. ಕಾರ್ಯ ಮುಗಿಯುವವರೆಗೆ ಇರಲೇಬೇಕಾದವರು, ಅಂದರೆ ಕರ್ಮಕ್ಕೆ ಕೂತ ಮಗ, ಅದನ್ನು ಬಿಚ್ಚಿ ಹೇಳಲಿ. ಪೋರ್ಟಲ್ ದಿನ ನಡುವೆ ಬಂದರೆ ಆಗಿರುವಷ್ಟು ಕೆಲಸದ ಮೇಲೇ ಅಂಕ ಕೊಡಲು ಕೇಳುವುದು ಜಾಣತನ.

ತೀರಿಕೊಂಡವರು ದೊಡ್ಡಪ್ಪ. "ಹತ್ತಿರದ ಸಂಬಂಧ ಅಲ್ಲವಲ್ಲ" ಎಂದರು.

ಒಂದೇ ಮನೆಯಲ್ಲಿ ಇದ್ದವರು, ಫೀಸು ಕಟ್ಟುತ್ತಿದ್ದವರು, ನನ್ನನ್ನು ಬೆಳೆಸಿದವರು ಎಂಬ ಒಂದು ಸಾಲು ಸೇರಿಸಿ. ಮೇಷ್ಟ್ರು ಅಳೆಯುವುದು ನೀವು ಅಲ್ಲಿ ಇರಲೇಬೇಕಿತ್ತೇ ಎಂಬುದನ್ನು.

ಮಿನಿ ಪ್ರಾಜೆಕ್ಟ್ ನಾಲ್ಕು ಜನರದ್ದು. ನನ್ನಿಂದ ಎಲ್ಲರಿಗೂ ತಡ ಆಗುತ್ತದಲ್ಲ?

ಇಡೀ ಗುಂಪಿಗೆ ದಿನ ಕೇಳಬೇಡಿ. ಉಳಿದ ಮೂವರು ತಮ್ಮ ಭಾಗವನ್ನು ಹೇಳಿದ ದಿನವೇ ಕೊಡಲಿ, ನಿಮ್ಮ ಭಾಗ ಯಾವುದು ಎಂದು ಗುರುತಿಸಿ ಅದಕ್ಕೆ ಮಾತ್ರ ನೀವು ಕೇಳಿ. ಕೋಡ್ ನಿಮ್ಮ ಲ್ಯಾಪ್‌ಟಾಪಿನಲ್ಲೇ ಉಳಿದಿದ್ದರೆ ರೂಮ್‌ಮೇಟ್‌ಗೆ ಹೇಳಿ ಮೊದಲು ಅದನ್ನು ಗುಂಪಿಗೆ ಮುಟ್ಟಿಸಿ. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ.

ಮೇಲ್‌ಗೆ ಉತ್ತರವೇ ಬಂದಿಲ್ಲ. ಒಪ್ಪಿದರು ಎಂದುಕೊಳ್ಳಬಹುದೇ?

ಬೇಡವೇ ಬೇಡ. ಸಬ್ಮಿಷನ್ ವಾರದಲ್ಲಿ ನಮ್ಮ ಮೇಲ್ ಪೆಟ್ಟಿಗೆ ತುಂಬಿ ತುಳುಕುತ್ತಿರುತ್ತದೆ. ಒಂದು ದಿನ ಕಾದು ಅದೇ ಮೇಲ್‌ಗೆ ಕೆಳಗೆ ಒಂದು ಸಾಲು ಸೇರಿಸಿ ಮತ್ತೆ ಕಳಿಸಿ. ಆಗಲೂ ಇಲ್ಲವಾದರೆ ಕಾಲೇಜು ಸಮಯದಲ್ಲಿ ಒಂದು ಸಲ ಫೋನ್ ಮಾಡಿ, ಅಥವಾ ಸಿಆರ್ ಸ್ಟಾಫ್ ರೂಮಿಗೆ ಹೋಗಿ ನೆನಪಿಸಲಿ. ಉತ್ತರ ಬರದೆ ಶುಕ್ರವಾರ ಬಂದೇಬಿಟ್ಟರೆ, ಆಗಿರುವಷ್ಟು ಜರ್ನಲ್ ಅನ್ನು ಸಿಆರ್ ಕೈಯಲ್ಲಿ ಕೊಡಿಸಿಬಿಡಿ. ಗೂಗಲ್ ಕ್ಲಾಸ್‌ರೂಮ್ ಆದರೆ ಆಗಿರುವ ಭಾಗದ ಪಿಡಿಎಫ್ ಏರಿಸಿ. ಏನೂ ಕೊಡದವನಿಗೂ ಏಳು ಪ್ರಾಕ್ಟಿಕಲ್ ಕೊಟ್ಟವನಿಗೂ ಅಂಕ ಹಾಕುವ ಕೈ ಒಂದೇ ರೀತಿ ಓಡುವುದಿಲ್ಲ.

ದಿನ ಕೊಟ್ಟರು, ಆದರೆ ಅಂಕ ಕಡಿತ ಎಂದರು. ವಾದ ಮಾಡಲೇ?

ಮೊದಲು ಎಷ್ಟು ಎಂದು ಕೇಳಿ. 25ರಲ್ಲಿ ಸಮಯಪಾಲನೆಗೆಂದು ಇಟ್ಟ ಒಂದೆರಡು ಅಂಕ ಹೋದರೆ ಒಪ್ಪಿಕೊಂಡು ಜರ್ನಲ್ ಮುಗಿಸಿ. ತೇರ್ಗಡೆಗೇ ಕುತ್ತು ಬರುವಷ್ಟು ಇದ್ದರೆ, ಅಥವಾ ದಿನವನ್ನೇ ಕೊಡುವುದಿಲ್ಲ ಎಂದರೆ, ಜಿಎಫ್‌ಎಂ ಮೂಲಕ ಎಚ್‌ಒಡಿ ಹತ್ತಿರ ಹೋಗಬಹುದು. ಹೋಗುವ ಮೊದಲು ಮೇಷ್ಟ್ರಿಗೆ ಹೇಳಿ ಹೋಗಿ: "ಸರ್, ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಎಚ್‌ಒಡಿ ಮೇಡಂ ಅವರನ್ನು ಕೇಳಲೇ?" ಬೆನ್ನ ಹಿಂದೆ ದೂರು ಹೋಯಿತು ಎಂಬ ಭಾವನೆ ಬಂದರೆ ಮುಂದಿನ ಮೂರು ಸೆಮಿಸ್ಟರ್ ಆ ಮುಖವನ್ನೇ ನೋಡಬೇಕಲ್ಲ.

ಕೊಟ್ಟ ದಿನಕ್ಕೂ ಆಗಲಿಲ್ಲ. ಎರಡನೇ ಸಲ ಕೇಳಬಹುದೇ?

ಕೊಟ್ಟ ದಿನದ ಹಿಂದಿನ ದಿನ ಕೇಳಬಹುದು, ಮರುದಿನ ಅಲ್ಲ. ಅಷ್ಟರೊಳಗೆ ಆದದ್ದನ್ನು ಜೊತೆಗಿಟ್ಟು, ಹೊಸದಾಗಿ ಏನಾಯಿತು ಎಂದು ಹೇಳಬೇಕು. ಬುಧವಾರ ಎಂದಿದ್ದ ಹುಡುಗಿಯ ಅಪ್ಪನಿಗೆ ಭಾನುವಾರ ಸ್ಟೆಂಟ್ ಹಾಕಬೇಕು ಎಂದರು ಅಂದುಕೊಳ್ಳಿ. ಆಕೆ ಭಾನುವಾರವೇ ಬರೆಯಲಿ: 8ನೆಯದು ಬರೆದು ಮುಗಿಸಿದ್ದೇನೆ, ಫೋಟೊ ಇದೆ, 9, 10 ಆಗುವುದಿಲ್ಲ, ಎಂಟರ ಮೇಲೇ ಅಂಕ ಕೊಟ್ಟರೂ ಸರಿ. ಹಾಗೆ ಬರೆದವರಿಗೆ ಸಾಮಾನ್ಯವಾಗಿ "ಗುರುವಾರದವರೆಗೆ ನೋಡುತ್ತೇನೆ" ಎಂಬ ಉತ್ತರ ಬರುತ್ತದೆ.

ಇನ್-ಸೆಮ್ ಪರೀಕ್ಷೆ ಅಥವಾ ಓರಲ್ ತಪ್ಪಿಹೋದರೆ?

ಅದು ಬೇರೆಯೇ ವಿಷಯ. ವಿಶ್ವವಿದ್ಯಾಲಯ ನಡೆಸುವ ಪರೀಕ್ಷೆಯ ದಿನವನ್ನು ವಿಷಯದ ಮೇಷ್ಟ್ರು ಬದಲಿಸಲಾರರು, ಅವರ ಹತ್ತಿರ ಅಂಗಲಾಚಿ ದಿನ ಕಳೆಯಬೇಡಿ. ಓರಲ್ ಆದರೆ ಒಂದು ಸಣ್ಣ ಸಂದು ಇದೆ. ಒಂದೇ ತರಗತಿಯ ಬ್ಯಾಚುಗಳ ಓರಲ್ ಎರಡು ಮೂರು ದಿನ ನಡೆಯುತ್ತದೆ, ಕೊನೆಯ ಬ್ಯಾಚಿನ ಜೊತೆ ಕೂರಿಸಲು ಒಳಗಿನ ಪರೀಕ್ಷಕರನ್ನು ಹಿಂದಿನ ದಿನವೇ ಕೇಳಿ. ಹೊರಗಿನ ಪರೀಕ್ಷಕರು ಹೊರಟುಹೋದ ಮೇಲೆ ಯಾರೂ ಏನೂ ಮಾಡಲಾರರು.

ಹಾಜರಿ 75 ಶೇಕಡಾ ಕೆಳಗೆ ಬೀಳುತ್ತದೆ. ಈ ಮೇಲ್ ಅದಕ್ಕೂ ಆಗುತ್ತದೆಯೇ?

ಆಗುವುದಿಲ್ಲ. ದಿನ ಮುಂದೂಡಿದ್ದು ಬೇರೆ, ಹಾಜರಿ ಬೇರೆ. ಡಿಫಾಲ್ಟರ್ ಪಟ್ಟಿಯಲ್ಲಿ ಹೆಸರು ಬರುವ ಮೊದಲೇ ಜಿಎಫ್‌ಎಂಗೆ ರಜೆ ಅರ್ಜಿ, ದಾಖಲೆಯ ಪ್ರತಿ ಎರಡನ್ನೂ ಕಾಗದದಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ.

ಅಪ್ಪನಿಂದಲೋ ಮಾವನಿಂದಲೋ ಸರ್‌ಗೆ ಫೋನ್ ಮಾಡಿಸಲೇ?

ಕೇಳುವುದು ನೀವೇ ಕೇಳಿ. ಸರ್ "ಮನೆಯವರ ಜೊತೆ ಮಾತಾಡಬೇಕು" ಎಂದರೆ ಮಾತ್ರ ಮಾಡಿಸಿ, ಹಿಂದಿ ಅಥವಾ ಇಂಗ್ಲಿಷ್ ಬರುವವರನ್ನು ಆರಿಸಿ. ಬೆಳಗಾವಿ, ಬೀದರ್ ಕಡೆಯವರಾದರೆ ಮರಾಠಿಯೂ ಬರುತ್ತದೆ, ಇನ್ನೂ ಒಳ್ಳೆಯದು. ಐಸಿಯು ಮುಂದೆ ಕೂತ ಅಮ್ಮನ ಕೈಗೆ ಫೋನ್ ಕೊಡಬೇಡಿ. ಫೋನ್ ಮಾಡುವವರಿಗೆ ನೀವು ಮೇಲ್‌ನಲ್ಲಿ ಬರೆದ ದಿನಾಂಕಗಳನ್ನು ಮೊದಲೇ ಹೇಳಿಡಿ. ಮೇಲ್‌ನಲ್ಲಿ ಸೋಮವಾರ ವಾಪಸ್ ಎಂದಿದ್ದು, ಮಾವ ಫೋನಿನಲ್ಲಿ "ಹದಿನೈದು ದಿನ ಬಿಡ್ರಿ ಸಾಹೇಬ್ರ" ಎಂದರೆ, ಸರ್ ಮತ್ತೆ ನಿಮಗೇ ಫೋನ್ ಮಾಡಿ ಯಾವುದು ನಿಜ ಎಂದು ಕೇಳಬೇಕಾಗುತ್ತದೆ.